ಚಿಪ್ಪು ಕಳಚಿಟ್ಟು ಹೋದ ಬಸವನಹುಳುವೇ ಇದು?

ಪ್ರಶ್ನೆ: ಮಳೆ ಶುರುವಾದ ಮೇಲೆ ನಮ್ಮ ಸೊಸೈಟಿ ತೋಟದಲ್ಲಿ ತೆಗೆದ ಮೂರು ಫೋಟೋ ಕಳಿಸಿದ್ದೇನೆ. ಒಂದು ದೊಡ್ಡದು, ಒಂದು ಹೊಳೆಯುವ ಚಿಕ್ಕದು, ಇನ್ನೊಂದು ಚಿಪ್ಪೇ ಇಲ್ಲದ ಕಪ್ಪನೆಯದು. ಚಿಕ್ಕದು ದೊಡ್ಡದರ ಮರಿ, ಕಪ್ಪನೆಯದು ಚಿಪ್ಪು ಕಳಚಿಟ್ಟು ಬಂದದ್ದು ಅಂತಾರೆ ನಮ್ಮತ್ತೆ. ನಿಜವಾ? – ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಲ್ಲ. ಮೂರೂ ಬೇರೆ ಬೇರೆ ಜಾತಿ, ಒಂದು ಇನ್ನೊಂದಾಗುವುದಿಲ್ಲ. ಆದರೆ ನಿಮ್ಮತ್ತೆಯವರ ಊಹೆ ತೀರಾ ತಪ್ಪಲ್ಲ. ಹಾಗೆ ಕಾಣೋದು ಸಹಜ.

ಮೊದಲನೆಯದು ಸುಲಭ. ಉದ್ದನೆಯ ಶಂಖದಂಥ ಚಿಪ್ಪು, ಅದರ ಮೇಲೆ ಕಂದು ಗೀಟುಗಳು, ಒರಟಾದ ಮೈ. ಇದು ಆಫ್ರಿಕಾದ ದೈತ್ಯ ಬಸವನಹುಳು. ಇದು ನಮ್ಮ ನೆಲದ್ದಲ್ಲ. 1847ರಲ್ಲಿ ಚಿಪ್ಪುಗಳ ಅಭ್ಯಾಸಿ ಬೆನ್ಸನ್ ಎಂಬಾತ ಮಾರಿಷಸ್‌ನಿಂದ ತಂದು ಕಲ್ಕತ್ತಾದ ತೋಟವೊಂದರಲ್ಲಿ ಬಿಟ್ಟ. ಅಲ್ಲಿಂದ ಹರಡುತ್ತಾ ಈಗ ಮುಂಬೈನ ತೋಟ, ಗೋಡೆ, ಡ್ರೈನೇಜ್ ಪೈಪ್ ಎಲ್ಲಾ ಕಡೆ ಇದೆ.

ನಿಮ್ಮ ಎರಡನೇ ಫೋಟೋ ನನ್ನನ್ನು ಅರ್ಧ ಗಂಟೆ ಸತಾಯಿಸಿತು. ಚಪ್ಪಟೆ ಸುರುಳಿ, ಜೇನು ಬಣ್ಣ, ಗಾಜಿನಂಥ ಹೊಳಪು. ನಮ್ಮ ತೋಟಗಳಲ್ಲಿ ಜಾಸ್ತಿ ಕಾಣುವ ಮ್ಯಾಕ್ರೋಕ್ಲಾಮಿಸ್ ಗುಂಪಿನದು ಅಂದುಕೊಂಡೆ. ಆದರೆ ಸುರುಳಿ ಎಡಕ್ಕೆ ತಿರುಗಿತ್ತು! ಚಪ್ಪಟೆ ಚಿಪ್ಪನ್ನು ಮೇಲಿನಿಂದ ನೋಡುವಾಗ, ನಡುವಿನ ಚುಕ್ಕೆಯಿಂದ ಹೊರಗೆ ಬೆರಳಾಡಿಸಿ. ಬೆರಳು ಗಡಿಯಾರದ ಮುಳ್ಳಿನಂತೆ ಸುತ್ತಿದರೆ ಬಲಸುರುಳಿ, ವಿರುದ್ಧ ಸುತ್ತಿದರೆ ಎಡಸುರುಳಿ. ಬಸವನಹುಳುಗಳಲ್ಲಿ ಬಹುಪಾಲು ಬಲಸುರುಳಿಯವು. ಹುಟ್ಟಾ ಎಡಸುರುಳಿಯಾದ ಒಂದು ಜಾತಿ, ಅರಿಯೋಫಾಂಟಾ ಲೇವಿಪೆಸ್, ಪಶ್ಚಿಮ ಘಟ್ಟದ ಕಡೆ ಇದೆ. ಅದು ಡೊಂಬಿವಲಿಯ ಕುಂಡಕ್ಕೆ ಬಂತಾ ಅಂತ ಖುಷಿಯಾಗಿಬಿಟ್ಟೆ.

ಆಮೇಲೆ ಫೋಟೋದ ಮೂಲೆಯಲ್ಲಿದ್ದ ಗೊಬ್ಬರದ ಪ್ಯಾಕೆಟ್ ಕಣ್ಣಿಗೆ ಬಿತ್ತು. ಅದರ ಮೇಲಿನ ಮರಾಠಿ ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದವು. ಎಲೆಯ ಅಡಿಯಲ್ಲಿದ್ದ ಹುಳುವನ್ನು ನೀವು ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದಿರಬೇಕು, ಅಲ್ವಾ? ಕೆಲವು ಫೋನ್‌ಗಳು ಸೆಲ್ಫಿಯನ್ನು ಕನ್ನಡಿಯ ಹಾಗೆ ತಿರುಗಿಸಿಯೇ ಉಳಿಸಿಕೊಳ್ಳುತ್ತವೆ. ಬಲಸುರುಳಿ ಎಡಸುರುಳಿ ಆದದ್ದು ಹೀಗೆ. ಇಂಥ ಕಡೆ ಉಸಿರಿನ ತೂತನ್ನು ನೋಡಿಯೂ ಪ್ರಯೋಜನವಿಲ್ಲ. ಬಲಸುರುಳಿ ಹುಳುವಿಗೆ ಆ ತೂತು ಬಲಗಡೆ ಇರುತ್ತದೆ, ಎಡಸುರುಳಿಯದಕ್ಕೆ ಎಡಗಡೆ. ಫೋಟೋ ತಿರುಗಿದರೆ ಎರಡೂ ಒಟ್ಟಿಗೇ ತಿರುಗುತ್ತವೆ. ಹಾಗಾಗಿ ನಿಮ್ಮ ಪ್ಯಾಕೆಟ್ಟೇ ನನ್ನನ್ನು ಉಳಿಸಿತು.

ಹಾಗಾದರೆ ಬಲಸುರುಳಿಯದ್ದೇ ಆದ ಮೇಲೆ ಅದು ದೊಡ್ಡದರ ಮರಿ ಯಾಕಾಗಬಾರದು? ಚಿಪ್ಪು ಬೆಳೆಯೋದು ಹುಳು ಹೊರಬರುವ ಬಾಯಿಯ ಅಂಚಿನಲ್ಲಿ ಮಾತ್ರ. ಹಳೆಯ ಭಾಗ ಹಾಗೇ ಉಳಿದು ತುದಿಯಾಗುತ್ತದೆ. ಅಂದರೆ ದೊಡ್ಡ ಹುಳುವಿನ ಚಿಪ್ಪಿನ ತುದಿಯನ್ನು ನೋಡಿದರೆ, ಅದು ಮರಿಯಾಗಿದ್ದಾಗ ಹೇಗಿತ್ತು ಅಂತ ತಿಳಿಯುತ್ತದೆ. ಆಫ್ರಿಕಾದ ಹುಳುವಿನ ತುದಿ ಮೇಲಕ್ಕೆ ಚಾಚಿರುತ್ತದೆ. ನಿಮ್ಮ ಚಿಕ್ಕ ಹುಳುವಿನ ಸುರುಳಿ ಚಪ್ಪಟೆ, ಮೈ ಮೇಲೆ ಗೀಟೂ ಇಲ್ಲ. ಇದು ಮರಿಯಲ್ಲ.

ಚಿಪ್ಪಿಗಿಂತ ಗಟ್ಟಿ ಸಾಕ್ಷಿ ಮೈಯಲ್ಲಿದೆ. ನಿಮ್ಮ ಫೋಟೋವನ್ನು ದೊಡ್ಡದು ಮಾಡಿ ಬಾಲ ನೋಡಿ. ತುದಿ ಕತ್ತರಿಸಿದಂತಿದ್ದು, ಅದರ ಮೇಲೆ ಸಣ್ಣ ಕೊಂಬೊಂದು ಎದ್ದಿದೆ. ಆಫ್ರಿಕಾದ ಹುಳುವಿಗೆ ಇದಿಲ್ಲ. ಇನ್ನೊಂದು, ಚಿಪ್ಪಿನ ಅಂಚಿನಿಂದ ತೆಳ್ಳನೆಯ ಚರ್ಮ ಹೊರಬಂದು ಚಿಪ್ಪಿನ ಮೇಲೆ ನಾಲಿಗೆಯಂತೆ ಹರಡಿದೆ. ಆ ಹೊಳಪನ್ನು ಅದೇ ಉಜ್ಜಿ ಕಾಪಾಡುತ್ತದೆ. ಇಷ್ಟು ಸಿಕ್ಕರೆ ಗುಂಪು ಬಹುತೇಕ ಖಚಿತ. ಆದರೆ ಮ್ಯಾಕ್ರೋಕ್ಲಾಮಿಸ್‌ನಲ್ಲಿ ಯಾವ ಜಾತಿ ಅಂತ ಕೇಳಬೇಡಿ. ಒಂದನ್ನೊಂದು ಬಿಡಿಸಿ ಹೇಳಲು ಒಳಗಿನ ಅಂಗಗಳನ್ನು ಕೊಯ್ದು ನೋಡಬೇಕಾಗುತ್ತದೆ. ಫೋಟೋದ ಮಿತಿ ಅಷ್ಟೇ.

ಈಗ ಕಪ್ಪನೆಯದು. ಚಿಪ್ಪು ಬಸವನಹುಳುವಿಗೆ ಕಳಚಿಡುವ ಮನೆಯಲ್ಲ. ಒಳಗೆ ಒಂದು ಸ್ನಾಯು ಮೈಯನ್ನು ಚಿಪ್ಪಿಗೆ ಬಿಗಿದಿರುತ್ತದೆ, ಹೃದಯವೂ ಚಿಪ್ಪಿನ ಒಳಗೇ ಇರುತ್ತದೆ. ಎಳೆದು ತೆಗೆದರೆ ಅದು ಸಾಯುತ್ತದೆ, ತೋಟದಲ್ಲಿ ಓಡಾಡುವುದಿಲ್ಲ. ನಿಮ್ಮ ಫೋಟೋದಲ್ಲಿರೋದು ಚಿಪ್ಪೇ ಇಲ್ಲದೆ ಬಾಳುವ ಸ್ಲಗ್, ಲೇವಿಕೌಲಿಸ್ ಆಲ್ಟೆ. ಇದರ ಮೈ ಲೋಳೆಯಂತಿರದೆ, ಹಳೆ ಚಪ್ಪಲಿಯ ಚರ್ಮದ ಹಾಗೆ ಸಣ್ಣ ಗಂಟುಗಂಟಾಗಿದೆ. ಬೆನ್ನ ಉದ್ದಕ್ಕೂ ನಡುವೆ ಮಸುಕು ಗೀಟು ಎಳೆದಿದೆ. ಬೇರೆ ಹಲವು ಸ್ಲಗ್‌ಗಳಿಗೆ ಬೆನ್ನ ಮುಂಭಾಗದಲ್ಲಿ ಶಾಲು ಹೊದೆಸಿದಂಥ ತುಂಡೊಂದು, ಅದರ ಬಲ ಅಂಚಿನಲ್ಲಿ ಉಸಿರಿನ ತೂತು ಕಾಣುತ್ತವೆ. ಇದರಲ್ಲಿ ಹೊದಿಕೆ ತಲೆಯಿಂದ ಬಾಲದವರೆಗೂ ಒಂದೇ. ಬದಿಯಲ್ಲಿ ತೂತಿಲ್ಲ.

ಮುಂದೆ ಯಾವುದು ಹಿಂದೆ ಯಾವುದು ಅಂತ ತಿಳಿಯದೆ ಜಿಗಣೆ ಅಂದುಕೊಂಡವರೂ ಇದ್ದಾರೆ. ಕೋಡಿರುವುದರಿಂದ ಜಿಗಣೆ ಅಲ್ಲ ಅಂತ ಗೊತ್ತಾಗುತ್ತದೆ. ನೆಲದ ಬಸವನಹುಳುಗಳಲ್ಲಿ ಹೆಚ್ಚಿನವಕ್ಕೆ ಎರಡು ಜೊತೆ ಕೋಡು, ಮೇಲಿನ ಉದ್ದ ಜೊತೆಯ ತುದಿಯಲ್ಲಿ ಕಣ್ಣು. ಇದಕ್ಕೂ ಹಾಗೇ, ಆದರೆ ಅವು ಗಿಡ್ಡ, ಹೊದಿಕೆಯ ಅಂಚಿನಾಚೆ ಬರೋದೇ ಅಪರೂಪ. ನಿಮ್ಮ ಫೋಟೋ ಮೇಲಿನಿಂದ ತೆಗೆದದ್ದು, ಕೋಡು ಕಾಣಿಸಿಯೇ ಇಲ್ಲ. ಮುಂದಿನ ಸಲ ಹುಳುವನ್ನು ಗಾಜಿನ ತಟ್ಟೆಗೆ ಬಿಟ್ಟು, ಹರಿಯತೊಡಗಿದ ಮೇಲೆ ಅಡಿಯಿಂದ ಒಂದು ಫೋಟೋ ತೆಗೆಯಿರಿ. ನಡುವೆ ಕಿರಿದಾದ ಪಟ್ಟಿಯಂಥ ಪಾದ, ಅದರ ಎರಡೂ ಬದಿಗೆ ಅಗಲವಾದ ಹೊದಿಕೆ ಕಾಣುತ್ತದೆ. ಪಕ್ಕಕ್ಕೆ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆಯೂ ಸಿಗುತ್ತದೆ.

ಅಂದ ಹಾಗೆ, ನಿಮ್ಮ ಮರಾಠಿ ನೆರೆಯವರು ಬಸವನಹುಳುವನ್ನು ಗೋಗಲಗಾಯ್ ಅನ್ನುತ್ತಾರೆ. ಕೋಡು ನೋಡಿ ನಾವು ಬಸವ ಅಂದೆವು, ಅವರು ಗಾಯ್ ಅಂದರು. ಕಣ್ಣು ಇರೋದೂ ಆ ಕೋಡಿನಲ್ಲೇ!

ತೆಗೆಯಬೇಕಾದದ್ದು ಮೊದಲನೆಯದನ್ನು. ರಾತ್ರಿ ಟಾರ್ಚ್ ಹಿಡಿದು, ಗ್ಲೌಸ್ ಹಾಕಿಕೊಂಡು ಹೆಕ್ಕಿ ಸೋಪು ನೀರಿಗೆ ಹಾಕಿ. ಕುಂಡದ ಮಣ್ಣು ಕೆದಕಿ ನೋಡಿ. ನೆನೆಸಿದ ಸಾಬುದಾಣಿಯಂಥ ಮೊಟ್ಟೆಗಳ ಗುಡ್ಡೆ ಸಿಕ್ಕರೆ ಅದನ್ನೂ ತೆಗೆಯಿರಿ, ಒಂದು ಗುಡ್ಡೆಯಲ್ಲೇ ನೂರಕ್ಕೂ ಹೆಚ್ಚು ಇರಬಹುದು. ಬರಿಗೈ ಬೇಡ. ಇಲಿಯ ಹಿಕ್ಕೆಯಿಂದ ಇವುಗಳ ಮೈಗೆ ಸೇರುವ ಒಂದು ಪರೋಪಜೀವಿ ಹುಳು ಮನುಷ್ಯರ ಮೆದುಳಿಗೂ ಹೋಗಬಲ್ಲದು. ಕುಂಡದಲ್ಲಿ ಕೊತ್ತಂಬರಿ, ಪುದೀನ ಬೆಳೆದಿದ್ದರೆ ಎಲೆ ಎಲೆ ಬಿಡಿಸಿ ತೊಳೆದೇ ತಿನ್ನಿ. ಉಪ್ಪು ಮಾತ್ರ ಸುರಿಯಬೇಡಿ, ಹುಳುವಿನ ಜೊತೆ ನಿಮ್ಮ ಗಿಡವೂ ಒಣಗುತ್ತದೆ.