ಮಕ್ಕಳ ಉತ್ತರವನ್ನು ಮಕ್ಕಳೇ ತಿದ್ದುವಾಗ

ಪ್ರಶ್ನೆ: ನಾನು ಶಿವಮೊಗ್ಗದ ಒಂದು ಹೈಸ್ಕೂಲಿಗೆ ಹೊಸದಾಗಿ ಸೇರಿದ ಟೀಚರ್. ಒಂಬತ್ತನೇ ತರಗತಿಯಲ್ಲಿ ಪೇಪರ್ ಅದಲುಬದಲು ಮಾಡಿ ಮಕ್ಕಳಿಂದಲೇ ಅಂಕ ಹಾಕಿಸಿದೆ. ಗೆಳೆಯರಿಗೆ ಹತ್ತಕ್ಕೆ ಒಂಬತ್ತು, ಜಗಳ ಆಡಿದವರಿಗೆ ಮೂರು. ತಮ್ಮ ಪೇಪರಿಗೆ ತಾವೇ ಹಾಕಿಕೊಳ್ಳಿ ಅಂದರೆ ಎಲ್ಲರಿಗೂ ಹತ್ತು! ಇದರಿಂದ ನಿಜಕ್ಕೂ ಪ್ರಯೋಜನ ಇದೆಯಾ? ಇದ್ದರೆ ಮಾಡಿಸುವುದು ಹೇಗೆ?

ಪ್ರಯೋಜನ ಇದೆ ಮೇಡಂ. ಆದರೆ ಅದು ಪೇಪರ್ ಬರೆದವರಿಗಿಂತ ತಿದ್ದಿದವರಿಗೆ ಜಾಸ್ತಿ ಸಿಗುತ್ತದೆ. 2009ರಲ್ಲಿ ಲುಂಡ್‌ಸ್ಟ್ರಾಮ್ ಮತ್ತು ಬೇಕರ್ ಎಂಬ ಇಬ್ಬರು ಅಮೆರಿಕದಲ್ಲಿ ಇಂಗ್ಲಿಷ್ ಕಲಿಯಲು ಬಂದಿದ್ದ ಬೇರೆ ದೇಶದ ವಿದ್ಯಾರ್ಥಿಗಳ ಜೊತೆ ಇದನ್ನು ಪರೀಕ್ಷಿಸಿ ನೋಡಿದರು. ಒಂದು ಗುಂಪಿಗೆ ಬರಹ ಓದಿ ಸಲಹೆ ಕೊಡುವ ಕೆಲಸ. ಇನ್ನೊಂದು ಗುಂಪಿಗೆ ಬಂದ ಸಲಹೆ ನೋಡಿಕೊಂಡು ಬರಹವನ್ನು ಉತ್ತಮಪಡಿಸುವ ಕೆಲಸ. ಕೊನೆಗೆ ನೋಡಿದರೆ ಸಲಹೆ ಕೊಟ್ಟವರ ಸ್ವಂತ ಬರವಣಿಗೆಯೇ ಹೆಚ್ಚು ಸುಧಾರಿಸಿತ್ತು. ಅದರಲ್ಲೂ ಭಾಷೆ ಇನ್ನೂ ಕೈಗೆ ಹತ್ತದವರಲ್ಲಿ ಈ ಸುಧಾರಣೆ ಜಾಸ್ತಿ ಕಂಡಿತು.

ಹಾಗಾಗಿ ಮೊದಲು ಮಾಡಬೇಕಾದದ್ದು ಅಂಕವನ್ನು ತೆಗೆದುಹಾಕುವುದು. ಹದಿನಾಲ್ಕು ವರ್ಷದ ಹುಡುಗನ ಕೈಗೆ ಅಂಕ ಕೊಟ್ಟರೆ ಅವನು ಅದನ್ನು ಗೆಳೆತನಕ್ಕೆ ಬಳಸುತ್ತಾನೆ. ಇವತ್ತು ಒಂಬತ್ತು ಕೊಟ್ಟರೆ ನಾಳೆ ಒಂಬತ್ತು ವಾಪಸ್ ಬರುತ್ತದೆ ಎಂದು ಅವನಿಗೆ ಗೊತ್ತು. ಕೊಡಲು ಅಂಕವೇ ಇಲ್ಲದಿದ್ದರೆ ಆ ವ್ಯವಹಾರ ನಡೆಯುವುದಿಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇದೆ. 1988ರಲ್ಲಿ ರೂತ್ ಬಟ್ಲರ್ ಇಸ್ರೇಲಿನ ಶಾಲಾ ಮಕ್ಕಳಲ್ಲಿ ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡನ್ನೂ ಕೊಟ್ಟು ನೋಡಿದರು. ಟಿಪ್ಪಣಿ ಮಾತ್ರ ಸಿಕ್ಕವರು ಮುಂದಿನ ಕೆಲಸವನ್ನು ಚೆನ್ನಾಗಿ ಮಾಡಿದರು. ಎರಡೂ ಸಿಕ್ಕವರಿಗೆ ಆ ಲಾಭ ಆಗಲಿಲ್ಲ. ಅಂಕ ಕಣ್ಣಿಗೆ ಬಿದ್ದ ಮೇಲೆ ಟಿಪ್ಪಣಿಯನ್ನು ಯಾರು ಓದುತ್ತಾರೆ ಹೇಳಿ. ನಮ್ಮ ತರಗತಿಗಳಲ್ಲೂ ದಿನಾ ಇದನ್ನೇ ನೋಡುತ್ತೇವೆ, ಅಲ್ವಾ?

ಅಂಕ ತೆಗೆದರೆ ಪಕ್ಷಪಾತ ಕಡಿಮೆಯಾಗುತ್ತದೆ, ಆದರೆ ತಿದ್ದುವುದು ತಾನಾಗಿ ಬರುವುದಿಲ್ಲ. ಒಳ್ಳೆಯ ಉತ್ತರ ಹೇಗಿರುತ್ತದೆ ಎಂದು ಮಗುವಿಗೆ ಇನ್ನೂ ಗೊತ್ತಿಲ್ಲ. ನಮ್ಮ ಕಡೆ ಸುಲಿದು ಬೇಯಿಸಿ ಒಣಗಿಸಿದ ಅಡಿಕೆಯನ್ನು ದರ್ಜೆವಾರು ಬೇರ್ಪಡಿಸುವುದನ್ನು ನೀವು ನೋಡಿರುತ್ತೀರಿ. ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಎಂದು ಯಾರೂ ವಿವರಣೆ ಓದಿ ಕಲಿಯುವುದಿಲ್ಲ. ಗೊತ್ತಿದ್ದವರ ಪಕ್ಕ ಕೂತು, ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿ ಕಲಿಯುತ್ತಾರೆ. ಉತ್ತರ ತಿದ್ದುವುದನ್ನೂ ಹಾಗೆಯೇ ಕಲಿಸಬೇಕು. ಬೋರ್ಡಿನ ಮೇಲೆ 'ಸ್ಪಷ್ಟತೆ, ಸಂಪೂರ್ಣತೆ, ನಿಖರತೆ' ಎಂದು ಬರೆದು ಪೇಪರ್ ಹಂಚಿದರೆ ಆ ಮೂರು ಪದಗಳಿಂದ ಮಗುವಿಗೆ ಏನೂ ದಕ್ಕುವುದಿಲ್ಲ.

ನಾನು ತೀರ್ಥಹಳ್ಳಿ ಕಡೆಯ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಅಲ್ಲಿ ಮಾಡಿಸುವ ಒಂದು ಪಾಠವನ್ನು ಪೂರ್ತಿ ಹೇಳುತ್ತೇನೆ. ಪ್ರಶ್ನೆ ಇದು: 'ಆಗುಂಬೆಯಲ್ಲಿ ಅಷ್ಟೊಂದು ಮಳೆ, ಶಿವಮೊಗ್ಗದಲ್ಲಿ ಕಡಿಮೆ. ಯಾಕೆ?' ನಾಲ್ಕು ಅಂಕದ ಪ್ರಶ್ನೆ ಎಂದುಕೊಳ್ಳಿ. ಮಕ್ಕಳು ಮೊದಲು ತಮ್ಮ ತಮ್ಮ ಉತ್ತರ ಬರೆದು ಕೊಡುತ್ತಾರೆ. ಅವನ್ನು ನಾನು ಎತ್ತಿಟ್ಟುಬಿಡುತ್ತೇನೆ. ಮಾರನೆಯ ದಿನ ನಾನೇ ತಯಾರಿಸಿದ ಮೂರು ಉತ್ತರಗಳನ್ನು ಹಂಚುತ್ತೇನೆ. ಅವನ್ನು ತರಗತಿಯ ಯಾರೂ ಬರೆದದ್ದಲ್ಲ, ಹೀಗಾಗಿ ಗೆಳೆಯನೂ ಇಲ್ಲ, ಆಗದವನೂ ಇಲ್ಲ.

ಮೊದಲನೆಯದು ಮುಕ್ಕಾಲು ಪುಟ, ಮುತ್ತಿನಂಥ ಅಕ್ಷರ. 'ಆಗುಂಬೆಯನ್ನು ದಕ್ಷಿಣದ ಚಿರಾಪುಂಜಿ ಎನ್ನುತ್ತಾರೆ, ಅಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ ಆಗುತ್ತದೆ, ದಟ್ಟ ಕಾಡಿದೆ, ಸೂರ್ಯಾಸ್ತ ನೋಡಲು ಜನ ಬರುತ್ತಾರೆ' ಎಂದೆಲ್ಲ ಇದೆ. ಎಲ್ಲವೂ ನಿಜ, ಆದರೆ ಮಳೆ ಯಾಕೆ ಎಂಬುದು ಎಲ್ಲೂ ಇಲ್ಲ. ಎರಡನೆಯದು ನಾಲ್ಕೇ ಸಾಲು, ಕಾಗೆ ಕಾಲಿನ ಅಕ್ಷರ, ಒಂದೆರಡು ಕಾಗುಣಿತದ ತಪ್ಪು. 'ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟ ಹತ್ತುತ್ತದೆ. ಮೇಲೆ ಹೋದಂತೆ ತಣ್ಣಗಾಗಿ ಆವಿ ನೀರಾಗುತ್ತದೆ, ಮಳೆ ಬೀಳುತ್ತದೆ. ಶಿವಮೊಗ್ಗ ಘಟ್ಟದ ಪೂರ್ವಕ್ಕಿದೆ. ಅಲ್ಲಿಗೆ ಬರುವ ಹೊತ್ತಿಗೆ ಗಾಳಿಯ ತೇವ ಕಮ್ಮಿಯಾಗಿ, ಇಳಿಯುತ್ತಾ ಬಿಸಿಯಾಗಿರುತ್ತದೆ' ಎಂದಿದೆ. ಮೂರನೆಯದರಲ್ಲಿ 'ಮೋಡಗಳು ಘಟ್ಟಕ್ಕೆ ಡಿಕ್ಕಿ ಹೊಡೆದು ಒಡೆದು ಮಳೆ ಸುರಿಸುತ್ತವೆ, ಶಿವಮೊಗ್ಗದಲ್ಲಿ ಘಟ್ಟ ಇಲ್ಲ' ಎಂದಿದೆ. ಕೇಳಲು ಸರಿ ಅನಿಸುತ್ತದೆ. ಆದರೆ ಮೋಡ ಡಿಕ್ಕಿ ಹೊಡೆದು ಒಡೆಯುವುದಿಲ್ಲ. ಗಾಳಿ ಏರಿ ತಣ್ಣಗಾಗುವುದೇ ಕಾರಣ.

ಯಾರ ಜೊತೆಯೂ ಮಾತಾಡದೆ ಈ ಮೂರನ್ನು ಒಳ್ಳೆಯದರಿಂದ ಕೆಳಕ್ಕೆ ಜೋಡಿಸಿ ಎನ್ನುತ್ತೇನೆ. ಆಮೇಲೆ ಕೈ ಎತ್ತಿಸುತ್ತೇನೆ. ಮೊದಲ ಸಲ ಮುತ್ತಿನಂಥ ಅಕ್ಷರಕ್ಕೇ ಹೆಚ್ಚು ಕೈ ಏಳುತ್ತವೆ. ಇಲ್ಲಿ ನಾನು ಸರಿ ಉತ್ತರ ಹೇಳುವುದಿಲ್ಲ. 'ಯಾಕೆ ಎಂದು ಕೇಳಿದ್ದೇನಲ್ಲ, ಆ ಯಾಕೆಗೆ ಉತ್ತರ ಇರುವ ಸಾಲಿನ ಕೆಳಗೆ ಗೆರೆ ಎಳೆಯಿರಿ' ಎನ್ನುತ್ತೇನೆ. ಮೊದಲನೆಯ ಉತ್ತರದಲ್ಲಿ ಗೆರೆ ಎಳೆಯಲು ಜಾಗ ಸಿಗದೆ ಮಕ್ಕಳು ತಡಕಾಡುತ್ತಾರೆ. 'ಸಾರ್, ಇದ್ರಲ್ಲಿ ಕಾರಣನೇ ಇಲ್ಲ' ಎಂದು ಒಬ್ಬಳು ಹೇಳಿದ ಕೂಡಲೇ ತರಗತಿಯಲ್ಲಿ ಚರ್ಚೆ ಶುರುವಾಗುತ್ತದೆ. ಅಕ್ಷರ ಚೆನ್ನಾಗಿದೆ, ಉದ್ದ ಇದೆ ಎಂದು ಮೊದಲು ಮೇಲಿಟ್ಟವರು ತಾವೇ ಜಾಗ ಬದಲಿಸುತ್ತಾರೆ. ಮೋಡದ ಡಿಕ್ಕಿಯ ವಿಷಯಕ್ಕೆ ಜಾಸ್ತಿ ಹೊತ್ತು ಬೇಕು. ಅಲ್ಲಿ ನಾನೇ ನಡುವೆ ಬಂದು ವಿವರಿಸಬೇಕಾಗುತ್ತದೆ.

ಪಿರಿಯಡ್ ಮುಗಿಯುವ ಹೊತ್ತಿಗೆ ಮಕ್ಕಳ ಬಾಯಿಂದಲೇ ಮೂರು ಪ್ರಶ್ನೆ ಹೊರಬರುತ್ತವೆ. ಗಾಳಿ ಎಲ್ಲಿಂದ ಬಂತು, ಏನು ತಂತು? ಏರಿದಾಗ ಏನಾಯಿತು? ಇಳಿದಾಗ ಏನಾಯಿತು? ತಿದ್ದಲು ಇಷ್ಟು ಸಾಕು. ಹತ್ತು ಕಾಲಂ ಇರುವ ಫಾರ್ಮ್ ಕೊಡಬೇಡಿ. ಫಾಲ್ಚಿಕೋವ್ ಮತ್ತು ಗೋಲ್ಡ್‌ಫಿಂಚ್ 2000ರಲ್ಲಿ ಕಾಲೇಜು ಮಟ್ಟದ 48 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದರು. ಹಲವು ಅಂಶಗಳಿಗೆ ಬಿಡಿಬಿಡಿಯಾಗಿ ಅಂಕ ಹಾಕಿಸಿದ್ದಕ್ಕಿಂತ, ಚೆನ್ನಾಗಿ ಅರ್ಥವಾದ ಅಳತೆ ಇಟ್ಟುಕೊಂಡು ಇಡೀ ಕೆಲಸದ ಬಗ್ಗೆ ಒಂದೇ ತೀರ್ಮಾನ ಹೇಳಿಸಿದಾಗ ವಿದ್ಯಾರ್ಥಿಗಳ ಅಂಕ ಮೇಷ್ಟ್ರ ಅಂಕಕ್ಕೆ ಹತ್ತಿರ ಬಂದಿತ್ತು.

ಇಷ್ಟಾದ ಮೇಲೆ ನಿಜವಾದ ಪೇಪರ್‌ಗಳನ್ನು ಕೊಡಿ. ಹೆಸರಿನ ಬದಲು ನಂಬರ್ ಹಾಕಿಸಿ. ಆದರೆ ಒಂದೇ ತರಗತಿಯಲ್ಲಿ ಅಕ್ಷರ ನೋಡಿದರೇ ಯಾರೆಂದು ಗೊತ್ತಾಗುತ್ತದೆ. ನಿಮ್ಮಲ್ಲಿ ಎ, ಬಿ ಸೆಕ್ಷನ್ ಇದ್ದರೆ ಎ ಪೇಪರ್ ಬಿಗೆ ಕೊಡಿ. ನಮ್ಮಂಥ ಸಣ್ಣ ಶಾಲೆಯಲ್ಲಿ ಅದು ಆಗುವುದಿಲ್ಲ. ನಾವು ಹಿಂದಿನ ವರ್ಷದ ಉತ್ತರಗಳನ್ನು ಹೆಸರು ಅಳಿಸಿ ಇಟ್ಟುಕೊಳ್ಳುತ್ತೇವೆ. ಗೆಳೆತನದ ಪಕ್ಷಪಾತವನ್ನು ಎಲ್ಲರೂ ಗಮನಿಸುತ್ತಾರೆ. ನನಗೆ ಹೆಚ್ಚು ಚಿಂತೆ ಮಾಡಿಸುವುದು ಇನ್ನೊಂದು. ಮೊದಲ ಬೆಂಚಿನ ಜಾಣೆಯ ಪೇಪರ್ ಎಂದು ಗೊತ್ತಾದರೆ ತಪ್ಪು ಕಂಡರೂ ಗುರುತು ಹಾಕಲು ಮಕ್ಕಳು ಹೆದರುತ್ತಾರೆ. ಹಿಂದಿನ ಬೆಂಚಿನ ಹುಡುಗನ ಸರಿ ಉತ್ತರವನ್ನೂ ಅನುಮಾನದಿಂದ ನೋಡುತ್ತಾರೆ. ಇದಕ್ಕೆ ಜಗಳ ಬೇಕಿಲ್ಲ, ಯಾರಿಗೂ ಕೆಟ್ಟ ಮನಸ್ಸೂ ಬೇಕಿಲ್ಲ. ಹಾಗಾಗಿಯೇ ಕಂಡುಹಿಡಿಯುವುದು ಕಷ್ಟ. ಒಂದೇ ಪೇಪರನ್ನು ಒಂದು ಸಲ ಹೆಸರಿನ ಜೊತೆ, ಬೇರೆ ಗುಂಪಿಗೆ ಹೆಸರಿಲ್ಲದೆ ಕೊಟ್ಟು ಟಿಪ್ಪಣಿ ಹೋಲಿಸಿದರೆ ತಿಳಿಯುತ್ತದೆ. ಬರೆದವರ ಒಪ್ಪಿಗೆ ಪಡೆದು ಮಾಡಿ.

ಟಿಪ್ಪಣಿಗೂ ಒಂದು ನಿಯಮ ಇಡಿ. 'ಚೆನ್ನಾಗಿದೆ', 'ಇನ್ನೂ ಚೆನ್ನಾಗಿ ಬರಿ' ಎಂದು ಬರೆಯುವಂತಿಲ್ಲ. ಮೂರು ಪ್ರಶ್ನೆಗೆ ಉತ್ತರ ಸಿಕ್ಕ ಕಡೆ ಗೆರೆ ಎಳೆಯಬೇಕು, ಸಿಗದ ಪ್ರಶ್ನೆಯನ್ನು ಅಂಚಿನಲ್ಲಿ ಬರೆಯಬೇಕು. 'ಗಾಳಿ ಏರಿತು ಅಂದಿದ್ದೀಯ, ಏರಿದರೆ ಮಳೆ ಯಾಕೆ ಬರಬೇಕು?' ಎಂಬ ಒಂದು ಸಾಲು ಸಾಕು. ಅದನ್ನು ಓದಿದ ಹುಡುಗನಿಗೆ ಮುಂದೆ ಏನು ಬರೆಯಬೇಕು ಎಂದು ಗೊತ್ತಾಗುತ್ತದೆ.

ಈಗ ಸ್ವಮೌಲ್ಯಮಾಪನ. ಎಲ್ಲರೂ ಹತ್ತು ಹಾಕಿಕೊಂಡರು ಅಂದಿರಿ. ಅದರಲ್ಲಿ ಆಸೆಯೂ ಇರಬಹುದು, ಆದರೆ ಎಲ್ಲರದ್ದೂ ಆಸೆ ಅಲ್ಲ. 1999ರಲ್ಲಿ ಕ್ರೂಗರ್ ಮತ್ತು ಡನ್ನಿಂಗ್ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನ ಪ್ರಸಿದ್ಧ. ನೂರು ಜನರ ಸಾಲಿನಲ್ಲಿ ಕೆಳಗಿನಿಂದ 12ನೇ ಜಾಗದ ಆಸುಪಾಸಿನಲ್ಲಿದ್ದವರು ತಾವು 62ನೇ ಜಾಗದಲ್ಲಿದ್ದೇವೆ ಎಂದುಕೊಂಡಿದ್ದರು. ಉತ್ತರ ಬರೆಯಲು ಬೇಕಾದ ತಿಳಿವಳಿಕೆಯೇ ತಪ್ಪು ಕಾಣಲೂ ಬೇಕು. ಅದೇ ಅಧ್ಯಯನದ ಮುಂದಿನ ಭಾಗ ನಮಗೆ ಇನ್ನೂ ಮುಖ್ಯ. ಬೇರೆಯವರ ಪೇಪರ್ ತೋರಿಸಿದಾಗ ಜಾಣರು ತಮ್ಮ ಅಂದಾಜನ್ನು ಸರಿ ಮಾಡಿಕೊಂಡರು, ಹಿಂದುಳಿದವರು ಮಾಡಿಕೊಳ್ಳಲಿಲ್ಲ. ಆ ವಿಷಯವನ್ನೇ ಸ್ವಲ್ಪ ಕಲಿಸಿದ ಮೇಲೆ ಹಿಂದುಳಿದವರಿಗೂ ತಮ್ಮ ತಪ್ಪು ಕಾಣತೊಡಗಿತು. ಸುಮ್ನೆ ಪೇಪರ್ ಅದಲುಬದಲು ಮಾಡಿದರೆ ಸಾಲದು ಎನ್ನುವುದು ಇದಕ್ಕೇ.

ಹಾಗಾಗಿ ಸ್ವಂತ ಪೇಪರ್ ಕೊನೆಗೆ ಬರಲಿ. ಮೂರು ಉತ್ತರ ಅಳೆದು, ಬೇರೆಯವರದ್ದು ತಿದ್ದಿ ಆದ ಮೇಲೆ, ನಾನು ಮೊದಲ ದಿನ ಎತ್ತಿಟ್ಟ ಪೇಪರ್ ವಾಪಸ್ ಕೊಡುತ್ತೇನೆ. ಅದೇ ಮೂರು ಪ್ರಶ್ನೆ, ಅದೇ ಗೆರೆ. 'ನನ್ನದ್ರಲ್ಲೂ ಮೋಡ ಡಿಕ್ಕಿ ಹೊಡೆದಿದೆ ಸಾರ್' ಎಂದು ತಾವೇ ಹೇಳುತ್ತಾರೆ. ಆಗ ಬೇರೆ ಬಣ್ಣದ ಪೆನ್ನಿನಲ್ಲಿ ಮತ್ತೆ ಬರೆಸುತ್ತೇನೆ. ಮಗು ಎಷ್ಟು ಕಲಿಯಿತು ಎಂದು ತಿಳಿಯಲು ಎರಡು ಬಣ್ಣಗಳ ನಡುವಿನ ವ್ಯತ್ಯಾಸ ನೋಡಿ. ಎರಡನೇ ಉತ್ತರ ಬರೀ ಉದ್ದವಾಗಿ, ಕಾರಣ ಹಾಗೇ ಉಳಿದಿದ್ದರೆ ಕಣ್ಣು ಇನ್ನೂ ಪಳಗಿಲ್ಲ ಎಂದರ್ಥ.

ಇದಕ್ಕೆಲ್ಲ ಎರಡು ಮೂರು ಪಿರಿಯಡ್ ಹೋಗುತ್ತದೆ, ಎಲ್ಲ ಪಾಠಕ್ಕೂ ಸಾಧ್ಯವಿಲ್ಲ. ಕಾರಣ ವಿವರಿಸುವ, ವಾದ ಮಾಡುವ ಉತ್ತರಗಳಿಗೆ ಇಟ್ಟುಕೊಳ್ಳಿ. ರಾಜಧಾನಿಯ ಹೆಸರು, ಇಸವಿಗಳಿಗೆ ಕೀ ಆನ್ಸರ್ ಸಾಕು. ಮಕ್ಕಳ ಟಿಪ್ಪಣಿಗಳನ್ನು ನೀವು ಓದಲೇಬೇಕು, ಯಾಕೆಂದರೆ ಇಬ್ಬರಿಗೂ ಗೊತ್ತಿಲ್ಲದ ವಿಷಯದಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರು ಗಟ್ಟಿ ಮಾಡಿಬಿಡುತ್ತಾರೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರಗತಿ ಪತ್ರದಲ್ಲಿ ಸ್ವಮೌಲ್ಯಮಾಪನ, ಸಹಪಾಠಿಗಳ ಮೌಲ್ಯಮಾಪನ ಎರಡೂ ಇರಬೇಕು ಎನ್ನುತ್ತದೆ. ಅಲ್ಲಿಗೆ ಮಕ್ಕಳ ಮಾತನ್ನು ಬರೆಯಿರಿ. ಎಫ್‌ಎ, ಅಂದರೆ ರೂಪಣಾತ್ಮಕ ಮೌಲ್ಯಮಾಪನದ ಅಂಕದ ಪಟ್ಟಿಗೆ ಮಾತ್ರ ಮಕ್ಕಳು ಕೊಟ್ಟ ಅಂಕ ಸೇರಿಸಬೇಡಿ. ಸೇರಿಸಿದ ದಿನವೇ ಒಂಬತ್ತು, ಮೂರರ ಲೆಕ್ಕ ವಾಪಸ್ ಬರುತ್ತದೆ. ಏನಾದರೂ ಅಂಕ ಕೊಡಲೇಬೇಕು ಅನಿಸಿದರೆ ಅವರು ಬರೆದ ಟಿಪ್ಪಣಿಗೆ ನೀವು ಕೊಡಿ. ಬೇರೆಯವರ ಉತ್ತರದಲ್ಲಿ ಸರಿಯಾದ ಜಾಗಕ್ಕೆ ಗೆರೆ ಎಳೆದು ಸರಿಯಾದ ಪ್ರಶ್ನೆ ಕೇಳಿದ ಮಗುವಿಗೆ ಪಾಠ ಅರ್ಥವಾಗಿದೆ, ಆ ಅಂಕ ಅದಕ್ಕೆ ಸಲ್ಲಬೇಕಾದದ್ದೇ.