ಸಲೀಂ ಅಲಿ ಕಥೇಲಿ ಏರ್‌ಗನ್ ಇರ್ಲಾ, ಬೇಡ್ವಾ?

ಪ್ರಶ್ನೆ: ಹಾಸನದ ಹತ್ರ ಪ್ರೈಮರಿ ಸ್ಕೂಲ್ ಟೀಚರ್ ನಾನು. ನಾಲ್ಕನೇ ಕ್ಲಾಸ್ ಮಕ್ಕಳಿಗೆ ಪಕ್ಷಿತಜ್ಞ ಸಲೀಂ ಅಲಿ ಬಾಲ್ಯದ ಒಂದು ದಿನದ ಕಥೆ ಬರೀತಿದೀನಿ. ಅವರು ಗುಬ್ಬಚ್ಚಿ ಹೊಡೆದಿದ್ದನ್ನ ಬಿಟ್ಟು, ಗಾಯ ಆಗಿದ್ದ ಹಕ್ಕಿ ಸಿಕ್ತು ಅಂತ ಬರೀಲಾ ಸರ್? ಮಾತುಕತೆ ಎಷ್ಟು ಸೇರಿಸಬಹುದು?

ಉತ್ತರ: ಬದಲಾಯಿಸ್ಬೇಡಿ ಮೇಡಂ. ಹುಡುಗ ಏರ್‌ಗನ್‌ನಿಂದ ಹೊಡೆದಿದ್ದಕ್ಕೇ ಹಕ್ಕಿ ಕೈಗೆ ಬಂತು, ಕೈಗೆ ಬಂದಿದ್ದಕ್ಕೇ ಅದರ ಕುತ್ತಿಗೆ ಮೇಲಿನ ಹಳದಿ ಮಚ್ಚೆ ಕಂಡಿದ್ದು, ಗಾಯದ ಹಕ್ಕಿ ಅಂದ್ಬಿಟ್ರೆ ಅವನು ಅದನ್ನ ಸಾಕೋ ಬೇರೇನೇ ಕಥೆ ಆಗೋಗುತ್ತೆ. ಆ ಕಾಲದಲ್ಲಿ ಹಕ್ಕಿ ಬಗ್ಗೆ ಕಲಿಯೋರು ಹೊಡೆದು, ಚರ್ಮ ಬಿಡಿಸಿ, ಹತ್ತಿ ತುಂಬಿ ಇಡ್ತಿದ್ರು, ಇದನ್ನ ಮಕ್ಕಳಿಗೆ ಒಂದೇ ಸಾಲಲ್ಲಿ ಹೇಳ್ಬಿಡಿ, ಕ್ಷಮೆ ಕೇಳೋ ಧಾಟಿ ಬೇಡ. ಗುಂಡು ಬಿದ್ದ ಕ್ಷಣ ಮಾತ್ರ ವರ್ಣಿಸ್ಬೇಡಿ.

ಇನ್ನೊಂದು ತಪ್ಪು ತುಂಬಾ ಆಗುತ್ತೆ. ಅವರ ಬಾಲ್ಯದಲ್ಲಿ ಗುಬ್ಬಚ್ಚಿ ಕಥೆ ಎರಡಿವೆ. ಒಂದು, ಮನೆ ಗುಬ್ಬಚ್ಚಿ ಗೂಡಿನ ಹತ್ರ ಗಂಡನ್ನ ಹೊಡೆದಾಗೆಲ್ಲ ಹೆಣ್ಣು ಹೊಸ ಜೋಡಿ ಮಾಡ್ಕೊಳ್ತು ಅಂತ 1906-07ರಲ್ಲಿ ಬರೆದಿಟ್ಟ ಟಿಪ್ಪಣಿ. ಇನ್ನೊಂದು ಈ ಹಳದಿ ಕುತ್ತಿಗೆಯ ಗುಬ್ಬಚ್ಚಿದು. ಎರಡನ್ನೂ ಒಂದೇ ದಿನಕ್ಕೆ ತುರುಕ್ಬೇಡಿ. ನನ್ನ ಕೇಳಿದ್ರೆ, ಈ ಹಳದಿ ಕುತ್ತಿಗೆ ಹಕ್ಕಿ ಹೊಡೆದ ದಿನಕ್ಕಿಂತ, ಇದು ಯಾವ ಹಕ್ಕಿ ಅಂತ ಕೇಳೋಕೆ ಅದನ್ನ ತಗೊಂಡು ಪ್ರಾಣಿ-ಪಕ್ಷಿಗಳ ಅಧ್ಯಯನ ಮಾಡೋ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದ ದಿನಾನೇ ಕಥೆಗೆ ಹಿಡೀರಿ, ಯಾಕಂದ್ರೆ ಎಲ್ಲ ಶುರುವಾಗಿದ್ದು ಅಲ್ಲೇ. ಅಪ್ಪ ಅಮ್ಮ ಇಬ್ರೂ ಚಿಕ್ಕಂದಿನಲ್ಲೇ ತೀರ್ಕೊಂಡಿದ್ರಿಂದ ಸಾಕಿದ್ದು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ, ಸೊಸೈಟಿಗೆ ಕಳಿಸಿದ್ದೂ ಅವರೇ. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಹಕ್ಕಿ ಹೆಸರು ಹೇಳಿದ್ದಷ್ಟೇ ಅಲ್ಲ, ಡ್ರಾಯರ್ ಎಳೆದೆಳೆದು ಒಳಗಿದ್ದ ಹಕ್ಕಿಗಳನ್ನ ತೋರಿಸಿದ್ರು, ಓದೋಕೆ ಪುಸ್ತಕಾನೂ ಕೊಟ್ರು.

ಮಾತುಕತೆ ವಿಷ್ಯ. ಇದೆಲ್ಲ ಸಲೀಂ ಅಲಿ 1985ರಲ್ಲಿ ಬಂದ ಆತ್ಮಕಥೇಲಿ ಹೇಳಿರೋದು, ಅಂದ್ರೆ ಸುಮಾರು ಎಂಬತ್ತು ವರ್ಷದ ಹಿಂದಿನ ನೆನಪು. ಅದಕ್ಕೆ ಮಿಲ್ಲಾರ್ಡ್ ಬಾಯಿಗೆ ದೊಡ್ಡ ಡೈಲಾಗ್ ಹಾಕ್ಬೇಡಿ, ಅವರು ಮಾಡಿದ್ದನ್ನ ತೋರಿಸಿ ಸಾಕು. ಕಲ್ಪನೆ ಬೇಕಾದ್ರೆ ಹುಡುಗನ ತಲೆಯೊಳಗೆ ಇರ್ಲಿ, ಹೀಗೆ:

"ಸಲೀಂ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟ. ನೋಡೋಕೆ ಗುಬ್ಬಚ್ಚಿನೇ, ಆದ್ರೆ ಕುತ್ತಿಗೆ ಯಾಕೆ ಹಳದಿ? ಸಾಹೇಬ್ರು ನಗ್ತಾರೇನೋ ಅನ್ಕೊಂಡ. ಅವರು ನಗ್ಲಿಲ್ಲ, ಎದ್ದು ಹೋಗಿ ಒಂದು ಡ್ರಾಯರ್ ಎಳೆದ್ರು."

ಪೊಟ್ಟಣ, ಮೇಜು, ನಗು ಇವೆಲ್ಲ ಇಲ್ಲಿ ನಾನು ಸೇರಿಸಿದ್ದು. ಸೇರಿಸಿದ್ದು ಯಾವುದು ಅಂತ ಕೊನೇಲಿ ಒಂದು ಸಾಲು ಬರೀರಿ, ಮಕ್ಕಳು ಅದನ್ನೂ ಆಸಕ್ತಿಯಿಂದ ಓದ್ತಾರೆ.

ಚಿತ್ರ ಬರೆಯೋರಿಗೆ ಒಂದ್ಮಾತು ಹೇಳಿ, ಇಡೀ ಹಕ್ಕಿನ ಹಳದಿ ಮಾಡ್ಬಿಡ್ತಾರೆ. ಮೈಯೆಲ್ಲ ಮಾಸಲು ಬೂದು-ಕಂದು, ಗಂಡಿಗೆ ಕುತ್ತಿಗೆ ಕೆಳಗೆ ಒಂದು ಸಣ್ಣ ಹಳದಿ ಮಚ್ಚೆ, ಭುಜದ ಹತ್ರ ಕೆಂಗಂದು ಪಟ್ಟಿ, ರೆಕ್ಕೆ ಮೇಲೆ ಬಿಳಿ ಗೆರೆ, ಅಷ್ಟೇ. ಅರಸೀಕೆರೆ, ಕಡೂರು ಕಡೆ ಬಯಲಿನ ಮರಗಳಲ್ಲಿ ಈ ಹಕ್ಕಿ ಇದೆ, ಪೊಟರೆಯಲ್ಲಿ ಗೂಡು ಕಟ್ಟುತ್ತೆ, ಚಿತ್ರ ಮುಗಿಸೋ ಮುಂಚೆ ಅವರು ಒಂದ್ಸಲ ಅಲ್ಲಿಗೆ ಹೋಗಿ ನೋಡ್ಕೊಂಡು ಬರ್ಲಿ.