‘ಗೂಗಲಿಸಿ’ ಎಂದು ಬರೆಯಬಹುದೆ?

ಪ್ರಶ್ನೆ: ನಮ್ಮ ಕಾಲೇಜಿನ ಸಂಚಿಕೆಗೆ ಬಂದ ಬರಹದಾಗ ‘ಗೂಗಲಿಸಿ’, ‘ಇಮೇಲಿಸಿ’, ‘ಫ್ರೆಂಡಿಸಿ’ ಅಂತ ಬರದಾರ್ರಿ. ಹಂಗೇ ಬಿಡಬೇಕೋ, ತಿದ್ದಬೇಕೋ? ಇಂಗ್ಲಿಷ್‌ನ್ಯಾಗಾದ್ರೂ ಇವನ್ನ ಒಪ್ಪ್ಯಾರೇನ್ರಿ?
– ಓದುಗರು, ಕಲಬುರಗಿ

ಉತ್ತರ: ಇಂಗ್ಲಿಷಿನಲ್ಲಿ ಒಪ್ಪಿದ್ದಾರೆ. ಪ್ರತ್ಯಯವಿಲ್ಲದೆ ನಾಮಪದವನ್ನೇ ಕ್ರಿಯಾಪದ ಮಾಡಿಕೊಳ್ಳುವ ರೂಢಿ ಅಲ್ಲಿ ಬಹಳ ಹಳೆಯದು. ‘ಇಮೇಲ್’ ಬಗ್ಗೆ ಈಗ ತಕರಾರೇ ಇಲ್ಲ. ‘ಗೂಗಲ್’ 2006ರಲ್ಲಿ ಕ್ರಿಯಾಪದವಾಗಿ ಆಕ್ಸ್‌ಫರ್ಡ್, ಮೆರಿಯಮ್-ವೆಬ್‌ಸ್ಟರ್ ಎರಡೂ ನಿಘಂಟುಗಳಿಗೆ ಸೇರಿತು. ಆದರೂ ಎಚ್ಚರದಿಂದ ಬರೆಯುವವರು ಗೂಗಲ್‌ನಲ್ಲೇ ಹುಡುಕಿದಾಗ ಮಾತ್ರ ಅದನ್ನು ಬಳಸುತ್ತಾರೆ. ‘ಫ್ರೆಂಡ್’ ಕ್ರಿಯಾಪದವಾಗಿ ಶತಮಾನಗಳ ಹಿಂದೆಯೇ ಇತ್ತು. ಈಗ ಅದನ್ನು ಫೇಸ್‌ಬುಕ್‌ನಂಥ ಕಡೆ ಸ್ನೇಹಿತರ ಪಟ್ಟಿಗೆ ಸೇರಿಸಿಕೊಳ್ಳುವುದಕ್ಕೆ ಇಟ್ಟುಕೊಂಡು, ನಿಜವಾದ ಗೆಳೆತನಕ್ಕೆ ಬೇರೆ ಮಾತು ಬಳಸುವುದು ಒಳ್ಳೆಯದು.

ಕನ್ನಡದ ಲೆಕ್ಕ ಬೇರೆ. ನಮ್ಮಲ್ಲಿ ನಾಮಪದಕ್ಕೆ ‘ಇಸು’ ಹತ್ತಬೇಕು, ಇಲ್ಲವೇ ಪಕ್ಕದಲ್ಲಿ ‘ಮಾಡು’ ನಿಲ್ಲಬೇಕು. ಪರಭಾಷೆಯ ಶಬ್ದಕ್ಕೆ ‘ಇಸು’ ಹಚ್ಚಬಾರದು ಎಂಬ ಆಕ್ಷೇಪ ಮಾತ್ರ ನಿಲ್ಲುವುದಿಲ್ಲ. ನಿಮ್ಮೂರಿನ ಗಂಜಿನಲ್ಲಿ ತೊಗರಿ ಖರೀದಿಸುತ್ತಾರೆ, ಠಾಣೆಯಲ್ಲಿ ದೂರು ದಾಖಲಿಸುತ್ತಾರೆ, ಲಾರಿಯಲ್ಲಿ ಸರಕು ರವಾನಿಸುತ್ತಾರೆ. ಖರೀದಿ, ದಾಖಲು, ರವಾನೆ ಮೂರೂ ಅರಬ್ಬಿ-ಪಾರಸಿ ಕಡೆಯಿಂದ ಬಂದವು. ಹಾಗಾಗಿ ‘ಗೂಗಲಿಸು’ ರಚನೆಯಲ್ಲಿ ತಪ್ಪಿಲ್ಲ.

ಅಡ್ಡಿ ಬರುವುದು ಬೇರೆ ಕಡೆ. ಇಂಗ್ಲಿಷಿನಿಂದ ಬಂದ ಶಬ್ದಗಳಿಗೆ ನಾವು ‘ಮಾಡು’ವನ್ನೇ ರೂಢಿ ಮಾಡಿಕೊಂಡಿದ್ದೇವೆ. ಫೋನ್ ಮಾಡುತ್ತೇವೆ, ಯಾರೂ ಫೋನಿಸುವುದಿಲ್ಲ. ಇದಕ್ಕಿಂತ ದೊಡ್ಡ ಕಾರಣವೆಂದರೆ ‘ಇಸು’ಗೆ ಇನ್ನೊಂದು ಕೆಲಸವೂ ಇದೆ: ಓದು, ಓದಿಸು; ಬರೆ, ಬರೆಸು. ‘ಪ್ರಾಚಾರ್ಯರು ಇಮೇಲಿಸಿದರು’ ಎಂದರೆ ತಾವೇ ಕಳಿಸಿದರೋ, ಗುಮಾಸ್ತರಿಂದ ಕಳಿಸಿದರೋ ಎಂದು ಓದುವವರು ತಡೆಯುತ್ತಾರೆ. ‘ಇಮೇಲ್ ಮಾಡಿದರು’, ‘ಇಮೇಲ್ ಮಾಡಿಸಿದರು’ ಎಂದು ಬರೆದರೆ ಎರಡೂ ಬಿಡಿಬಿಡಿಯಾಗಿ ತಿಳಿಯುತ್ತವೆ. ಇದಕ್ಕಾಗಿಯೇ ಮಾಹಿತಿ ಕೊಡುವ ಬರಹದಲ್ಲಿ ‘ಮಾಡು’ ಇರಲಿ ಎನ್ನುತ್ತೇನೆ. ಹರಟೆಯಲ್ಲಿ, ಹಾಸ್ಯದಲ್ಲಿ ಲೇಖಕರು ಬೇಕೆಂದೇ ‘ಗೂಗಲಿಸಿ’ ಎಂದಿದ್ದರೆ ಕೈ ಹಚ್ಚಬೇಡಿ.

ತಿದ್ದುವಾಗ ಕ್ರಿಯಾಪದದ ಒಳಗೆ ಏನು ಅಡಗಿದೆ ಎಂದೂ ನೋಡಿ. ಒಂದು ವಾಕ್ಯ ಹೀಗಿದೆ ಎಂದುಕೊಳ್ಳೋಣ: ‘ಪ್ರವೇಶದ ವಿವರ ಗೂಗಲಿಸಿ, ಅರ್ಜಿ ಇಮೇಲಿಸಿ, ಕಾಲೇಜಿನ ಫೇಸ್‌ಬುಕ್ ಪುಟವನ್ನು ಫ್ರೆಂಡಿಸಿ.’ ಗೂಗಲ್‌ನಲ್ಲಿ ಹುಡುಕಿದವರು ಯಾವುದೋ ಹೊರಗಿನ ತಾಣಕ್ಕೆ ಹೋಗಿ ಹಳೆಯ ದಿನಾಂಕ ನೋಡಬಹುದು. ಇಲ್ಲಿ ಬೇಕಾದದ್ದು ಹುಡುಕುವುದಲ್ಲ, ನೋಡುವುದು. ಇಮೇಲ್ ಯಾವ ವಿಳಾಸಕ್ಕೆ ಎಂಬುದು ಬಿಟ್ಟುಹೋಗಿದೆ. ಇನ್ನು ಫೇಸ್‌ಬುಕ್‌ನಲ್ಲಿ ಫ್ರೆಂಡ್ ಆಗುವುದು ವ್ಯಕ್ತಿಯ ಖಾತೆಗೆ. ಪುಟವನ್ನು ಫಾಲೋ ಮಾಡುತ್ತಾರೆ. ತಿದ್ದಿದರೆ ಹೀಗಾಗುತ್ತದೆ: ‘ಪ್ರವೇಶದ ವಿವರವನ್ನು ಕಾಲೇಜಿನ ಜಾಲತಾಣದಲ್ಲಿ ನೋಡಿ. ಅರ್ಜಿಯನ್ನು ಕೆಳಗಿನ ವಿಳಾಸಕ್ಕೆ ಇಮೇಲ್ ಮಾಡಿ. ಕಾಲೇಜಿನ ಫೇಸ್‌ಬುಕ್ ಪುಟವನ್ನು ಫಾಲೋ ಮಾಡಿ.’